ಅಜ್ಜಿಯ ಚಪ್ಪಲಿ ಬೋರಲು ಹಾಕಿ ನೋಡಿ

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಬಾಗಿಲ ಬಳಿ ಬಿಟ್ಟಿರುವ ಚಪ್ಪಲಿಗಳ ಸಾಲಿನಲ್ಲಿ ಅಜ್ಜನದೋ ಅಜ್ಜಿಯದೋ ಜೋಡಿಯನ್ನು ಹುಡುಕಿ. ಅವರನ್ನು ಕೇಳಿಕೊಂಡು ಅದನ್ನು ಬೋರಲು ಹಾಕಿ. ಚಪ್ಪಲಿ ಬೋರಲು ಬಿದ್ದರೆ ಮನೆಯಲ್ಲಿ ಜಗಳ ಆಗುತ್ತದೆ ಎಂದು ಅಜ್ಜಿ ಗದರಬಹುದು. ಐದೇ ನಿಮಿಷ, ಆಮೇಲೆ ಸರಿಯಾಗಿ ಇಡುತ್ತೇನೆ ಎಂದು ಹೇಳಿ. ಅಜ್ಜ, ಅಜ್ಜಿಯರೇ, ನೀವೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ಇದು ಇಬ್ಬರೂ ಕೂಡಿ ಮಾಡಬೇಕಾದ ಕೆಲಸ.

ಈಗ ಅಟ್ಟೆಯ ಹಿಂಭಾಗವನ್ನು, ಅಂದರೆ ಹಿಮ್ಮಡಿ ಕೂರುವ ಜಾಗವನ್ನು ನೋಡಿ. ಹೊಸದಾಗಿದ್ದಾಗ ಅಲ್ಲಿ ಗೆರೆಗಳೋ ಚೌಕಗಳೋ ಚುಕ್ಕೆಗಳೋ ಇದ್ದವು. ಈಗಲೂ ಇವೆಯೇ? ಬೆರಳಾಡಿಸಿದರೆ ಉಗುರು ಸಿಕ್ಕುತ್ತದೆಯೇ, ಅಥವಾ ಹೊಳೆ ದಂಡೆಯ ಕಲ್ಲಿನಂತೆ ನುಣುಪಾಗಿದೆಯೇ? ಹೆಚ್ಚಿನ ಮನೆಗಳಲ್ಲಿ ಅಟ್ಟೆಯ ಮಧ್ಯದಲ್ಲಿ ಗೆರೆಗಳು ಚೆನ್ನಾಗಿಯೇ ಉಳಿದಿರುತ್ತವೆ. ಹಿಮ್ಮಡಿಯ ಹೊರ ಅಂಚಿನಲ್ಲಿ ಮಾತ್ರ ಸವೆದು ಹೋಗಿರುತ್ತವೆ. ಹಿಡಿತ ಎಲ್ಲಕ್ಕಿಂತ ಹೆಚ್ಚು ಬೇಕಾದ ಜಾಗವೂ ಅದೇ. ಅದು ಏಕೆ ಎಂದು ತಿಳಿಯಬೇಕಾದರೆ ಒಂದು ಹೆಜ್ಜೆಯನ್ನು ನಿಧಾನವಾಗಿ ನೋಡಬೇಕು.

ಒಂದು ಹೆಜ್ಜೆಯ ಕಥೆ

ನೀವೇ ನಾಲ್ಕು ಹೆಜ್ಜೆ ನಡೆದು ಗಮನಿಸಿ. ಮುಂದೆ ಹೋದ ಕಾಲು ನೆಲವನ್ನು ಮುಟ್ಟುವಾಗ ಮೊದಲು ತಾಗುವುದು ಹಿಮ್ಮಡಿಯ ಹಿಂದಿನ ಅಂಚು. ಆ ಕ್ಷಣದಲ್ಲಿ ಕಾಲು ಇನ್ನೂ ಮುಂದಕ್ಕೆ ಚಲಿಸುತ್ತಿರುತ್ತದೆ, ಮೈಭಾರವೂ ಅದರ ಮೇಲೆ ಬರತೊಡಗಿರುತ್ತದೆ. ಆಗ ಅಲ್ಲಿ ಹಿಡಿತ ಸಿಗದಿದ್ದರೆ ಪಾದ ಮುಂದಕ್ಕೆ ಜಾರುತ್ತದೆ, ಮೈ ಹಿಂದಕ್ಕೆ ಬೀಳುತ್ತದೆ. ಸೊಂಟ, ಮಣಿಕಟ್ಟು, ತಲೆಯ ಹಿಂಭಾಗಕ್ಕೆ ಪೆಟ್ಟಾಗುವುದು ಹೀಗೆ. ಹೆಜ್ಜೆಯ ಕೊನೆಯಲ್ಲಿ ಬೆರಳುಗಳು ನೆಲವನ್ನು ಹಿಂದಕ್ಕೆ ಒತ್ತುವಾಗಲೂ ಜಾರಬಹುದು. ಆದರೆ ಅಷ್ಟು ಹೊತ್ತಿಗೆ ಭಾರ ಇನ್ನೊಂದು ಕಾಲಿಗೆ ಹೋಗಿರುವುದರಿಂದ ಸಾಮಾನ್ಯವಾಗಿ ಸಾವರಿಸಿಕೊಳ್ಳಬಹುದು.

ಇನ್ನೊಂದು ಬಗೆಯ ಬೀಳುವಿಕೆ ಇದೆ, ಅದು ಎಡವುವುದು. ಕಾಲು ಗಾಳಿಯಲ್ಲಿ ಮುಂದೆ ಸಾಗುವಾಗ ಹೆಬ್ಬೆರಳು ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂದು ಊಹಿಸಿ. ಅತಿ ಕಡಿಮೆ ಇರುವ ಜಾಗದಲ್ಲಿ ಅದು ಹೆಚ್ಚುಕಡಿಮೆ 1ರಿಂದ 2 ಸೆಂಟಿಮೀಟರ್ ಅಷ್ಟೇ! ನಿಮ್ಮ ಕಿರುಬೆರಳಿನ ದಪ್ಪದಷ್ಟು. ಚಪ್ಪಲಿಯ ತುದಿ ಪಾದಕ್ಕಿಂತ ಉದ್ದವಾಗಿದ್ದರೆ, ಅಟ್ಟೆ ಜೋತು ಬೀಳುತ್ತಿದ್ದರೆ, ಆ ಕಿರುಬೆರಳಿನಷ್ಟು ಜಾಗವೂ ಉಳಿಯುವುದಿಲ್ಲ. ಆಗ ಹೊಸ್ತಿಲು, ಚಾಪೆಯ ಅಂಚು, ಟೈಲ್ಸ್ ನಡುವಿನ ಸಣ್ಣ ಏರು ಕೂಡ ಕಾಲಿಗೆ ಸಿಕ್ಕುತ್ತದೆ.

ಹತ್ತು ವರ್ಷದ ನಿಮಗೂ ಕಾಲು ಜಾರುತ್ತದೆ, ಎಡವುತ್ತದೆ. ಆದರೆ ನಿಮ್ಮ ಇನ್ನೊಂದು ಕಾಲು ಥಟ್ಟನೆ ಮುಂದೆ ಬಂದು ಮೈಯನ್ನು ತಡೆಯುತ್ತದೆ. ಎಪ್ಪತ್ತು ದಾಟಿದವರಲ್ಲಿ ಆ ಕಾಲು ಬರುವುದು ಸ್ವಲ್ಪ ತಡ. ಆದ್ದರಿಂದ ಅವರ ಪಾದರಕ್ಷೆ ಮೂರು ಕೆಲಸಗಳನ್ನು ಸರಿಯಾಗಿ ಮಾಡಬೇಕು. ಹಿಮ್ಮಡಿ ತಾಗುವಾಗ ನೆಲವನ್ನು ಹಿಡಿಯಬೇಕು, ಪಾದ ಅಲುಗದಂತೆ ಹಿಮ್ಮಡಿಯನ್ನು ಹಿಡಿದಿಟ್ಟುಕೊಳ್ಳಬೇಕು, ಕಾಲಿನಿಂದ ಕಳಚದಂತೆ ಕಟ್ಟಿಕೊಂಡಿರಬೇಕು. ಒಂದೊಂದಾಗಿ ನೋಡೋಣ.

ಅಟ್ಟೆಯ ಹಿಡಿತ

ಒಣ ನೆಲದ ಮೇಲೆ ಸಾಮಾನ್ಯವಾಗಿ ಯಾವ ಚಪ್ಪಲಿಯೂ ಅಷ್ಟು ಸುಲಭವಾಗಿ ಜಾರುವುದಿಲ್ಲ. ತೊಂದರೆ ಶುರುವಾಗುವುದು ನೀರು ಬಂದಾಗ. ಅಟ್ಟೆಗೂ ನೆಲಕ್ಕೂ ನಡುವೆ ನೀರಿನ ತೆಳುವಾದ ಪದರ ನಿಂತರೆ ಅಟ್ಟೆ ನೆಲವನ್ನು ಮುಟ್ಟುವುದೇ ಇಲ್ಲ, ನೀರಿನ ಮೇಲೆ ತೇಲುತ್ತದೆ. ಅಟ್ಟೆಯ ಗೆರೆಗಳು ಇರುವುದು ಆ ನೀರು ಹರಿದು ಹೋಗಲು. ಬಸ್ಸಿನ ಟೈರಿನಲ್ಲಿ ಗೆರೆಗಳಿರುವುದೂ ಇದಕ್ಕೇ. ಹಾಗಾಗಿ ಗೆರೆಗಳು ಅಟ್ಟೆಯ ಅಂಚಿನವರೆಗೂ ಹೋಗಿ ಹೊರಕ್ಕೆ ತೆರೆದಿರಬೇಕು. ಕೆಲವು ಚಪ್ಪಲಿಗಳಲ್ಲಿ ಗೆರೆಯ ಸುತ್ತ ಒಂದು ದಪ್ಪ ಅಂಚು ಇದ್ದು ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ನೋಡಲು ಚಂದ, ಒದ್ದೆ ನೆಲದಲ್ಲಿ ಪ್ರಯೋಜನ ಕಡಿಮೆ. ಗೆರೆಗಳಲ್ಲಿ ಕೆಸರು ತುಂಬಿ ಗಟ್ಟಿಯಾಗಿದ್ದರೂ ಅಷ್ಟೇ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯುವುದು ಮಕ್ಕಳು ಮಾಡಬಹುದಾದ ಕೆಲಸ.

ಅಟ್ಟೆ ಯಾವುದರಿಂದ ಮಾಡಿದ್ದು ಎಂಬುದೂ ಮುಖ್ಯ. ಉಗುರಿನಿಂದ ಒತ್ತಿದಾಗ ಸ್ವಲ್ಪ ತಗ್ಗಿ ಮತ್ತೆ ಮೇಲೇಳುವ ರಬ್ಬರ್ ಒದ್ದೆ ನೆಲದಲ್ಲಿ ಚೆನ್ನಾಗಿ ಹಿಡಿಯುತ್ತದೆ. ಉಗುರು ಇಳಿಯದ ಗಟ್ಟಿ ಪ್ಲಾಸ್ಟಿಕ್ ಅಟ್ಟೆ ಟೈಲ್ಸ್ ಮೇಲೆ ಜಾರುತ್ತದೆ. ಹತ್ತಿಯಂತೆ ಹಗುರವಾದ ಸ್ಪಂಜಿನ ಅಟ್ಟೆ ಹೊಸದರಲ್ಲಿ ಸರಿ ಇದ್ದರೂ ಬೇಗ ಸವೆದು ನುಣುಪಾಗುತ್ತದೆ. ರಬ್ಬರ್ ಕೂಡ ಶಾಶ್ವತವಲ್ಲ. ಬಿಸಿಲಿನಲ್ಲಿ ಬಿದ್ದು ವರ್ಷಗಳಾದರೆ ಗಟ್ಟಿಯಾಗುತ್ತದೆ. ಗೆರೆಗಳು ಪೂರ್ತಿ ಇದ್ದರೂ ಆಗ ಹಿಡಿತ ಹೋಗಿರುತ್ತದೆ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಅಮೆರಿಕದಿಂದಲೋ ದುಬೈಯಿಂದಲೋ ಮಗ ತಂದುಕೊಟ್ಟ ಒಳ್ಳೆಯ ಶೂಗಳನ್ನು ‘ಮದುವೆ ಮುಂಜಿಗೆ ಇರಲಿ’ ಎಂದು ಎತ್ತಿಟ್ಟಿರುವ ಅಜ್ಜಂದಿರು ಬಹಳ. ಇಂಥ ಶೂಗಳಲ್ಲಿ ಅನೇಕದರ ಅಟ್ಟೆ ಪಾಲಿಯುರೆಥೇನ್ ಎಂಬ ವಸ್ತುವಿನದು. ಅದು ಗಾಳಿಯ ತೇವವನ್ನು ಹೀರಿಕೊಂಡು ನಿಧಾನವಾಗಿ ಒಳಗೇ ಒಡೆಯುತ್ತಾ ಹೋಗುತ್ತದೆ. ಹಾಕದೆ ಬೀರುವಿನಲ್ಲಿಟ್ಟರೂ ಇದು ನಿಲ್ಲುವುದಿಲ್ಲ. ಮಂಗಳೂರು, ಕಾರವಾರ, ಶಿವಮೊಗ್ಗದಂಥ ತೇವದ ಊರುಗಳಲ್ಲಿ ಇನ್ನೂ ಬೇಗ. ಐದಾರು ವರ್ಷ ಬಿಟ್ಟು ಹಾಕಿಕೊಂಡು ಹೊರಟರೆ ಕಲ್ಯಾಣ ಮಂಟಪದ ಮೆಟ್ಟಿಲಲ್ಲೇ ಅಟ್ಟೆ ರೊಟ್ಟಿಯ ಚೂರಿನಂತೆ ಉದುರಬಹುದು. ಎತ್ತಿಟ್ಟ ಶೂವನ್ನು ಮತ್ತೆ ಹಾಕುವ ಮೊದಲು ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿ ಬಗ್ಗಿಸಿ. ಸಣ್ಣ ಬಿರುಕು ಕಂಡರೆ, ಬೆರಳಿಗೆ ಪುಡಿಯೋ ಅಂಟೋ ತಾಗಿದರೆ, ಅದರ ಆಯುಷ್ಯ ಮುಗಿಯಿತು.

ಎರಡು ಚಪ್ಪಲಿಗಳಲ್ಲಿ ಯಾವುದು ಹೆಚ್ಚು ಹಿಡಿಯುತ್ತದೆ ಎಂದು ನೋಡಲು ಒಂದು ಪ್ರಯೋಗ ಇದೆ. ಅಜ್ಜಿಯನ್ನು ಒದ್ದೆ ನೆಲದ ಮೇಲೆ ನಡೆಸಿ ಪರೀಕ್ಷೆ ಮಾಡಬೇಡಿ! ಚಪ್ಪಲಿಯೊಳಗೆ 2 ಕಿಲೋ ಅಕ್ಕಿಯ ಚೀಲ ಇಡಿ. ಉಂಗುಷ್ಟಕ್ಕೋ ಪಟ್ಟಿಗೋ ದಾರ ಕಟ್ಟಿ, ದಾರದ ತುದಿಗೆ ಒಂದು ರಬ್ಬರ್ ಬ್ಯಾಂಡ್ ಸಿಕ್ಕಿಸಿ. ಟೈಲ್ಸ್ ಮೇಲೆ ಒಂದು ಲೋಟ ನೀರು ಚೆಲ್ಲಿ, ಚಪ್ಪಲಿಯನ್ನು ಅದರ ಮೇಲಿಟ್ಟು, ರಬ್ಬರ್ ಬ್ಯಾಂಡನ್ನು ಮೆಲ್ಲಗೆ ಎಳೆಯಿರಿ. ಚಪ್ಪಲಿ ಜಾರತೊಡಗಿದ ಕ್ಷಣದಲ್ಲಿ ಬ್ಯಾಂಡ್ ಎಷ್ಟು ಉದ್ದಕ್ಕೆ ಹಿಗ್ಗಿತ್ತು ಎಂದು ಸ್ಕೇಲಿನಲ್ಲಿ ಅಳೆಯಿರಿ. ಅದೇ ಚೀಲ, ಅದೇ ಬ್ಯಾಂಡ್ ಇಟ್ಟುಕೊಂಡು ಇನ್ನೊಂದು ಚಪ್ಪಲಿಗೂ ಮಾಡಿ. ಬ್ಯಾಂಡ್ ಹೆಚ್ಚು ಹಿಗ್ಗಬೇಕಾದರೆ ಹೆಚ್ಚು ಬಲ ಬೇಕಾಯಿತು, ಅಂದರೆ ಆ ಅಟ್ಟೆಯ ಘರ್ಷಣೆ ಹೆಚ್ಚು. ನೀರಿಗೆ ನಾಲ್ಕು ಹನಿ ಸೋಪು ಬೆರೆಸಿ ಮತ್ತೊಮ್ಮೆ ಎಳೆದು ನೋಡಿ. ಬಚ್ಚಲುಮನೆಯಲ್ಲಿ ಸೋಪಿನ ನೀರು ಏಕೆ ಅಷ್ಟು ಅಪಾಯ ಎಂದು ನಿಮಗೇ ತಿಳಿಯುತ್ತದೆ. ಈ ಪ್ರಯೋಗದಿಂದ ಎರಡು ಚಪ್ಪಲಿಗಳನ್ನು ಹೋಲಿಸಬಹುದೇ ಹೊರತು, ಇದು ಗೆದ್ದ ಚಪ್ಪಲಿ ಎಂದೂ ಜಾರುವುದಿಲ್ಲ ಎಂದು ಹೇಳಲಾಗದು. ಮುಗಿದ ಮೇಲೆ ನೆಲ ಒರೆಸುವುದು ಪ್ರಯೋಗದ ಕೊನೆಯ ಹಂತ, ಮರೆಯಬೇಡಿ.

ಹಿಮ್ಮಡಿಗೆ ಆಸರೆ

ಈಗ ಅಜ್ಜಿ ಹವಾಯಿ ಚಪ್ಪಲಿ ಹಾಕಿ ನಡೆಯುವುದನ್ನು ಹಿಂದಿನಿಂದ ನೋಡಿ. ಪ್ರತಿ ಹೆಜ್ಜೆಗೂ ಚಪ್ಪಲಿ ಹಿಮ್ಮಡಿಯಿಂದ ಬೇರೆಯಾಗಿ, ಮತ್ತೆ ಪಟ್ ಎಂದು ಬಡಿಯುತ್ತದೆ. ಹಿಂದೆ ಹಿಡಿಯುವಂಥದ್ದು ಏನೂ ಇಲ್ಲದ್ದರಿಂದ ಚಪ್ಪಲಿ ಕಳಚದಂತೆ ಬೆರಳುಗಳೇ ಉಂಗುಷ್ಟವನ್ನು ಕಚ್ಚಿ ಹಿಡಿಯಬೇಕು. ಬೆರಳುಗಳ ಬಲ ಕಡಿಮೆಯಾದಾಗ ಅಜ್ಜಿ ತಮಗೆ ಗೊತ್ತಿಲ್ಲದೆಯೇ ಇನ್ನೊಂದು ಉಪಾಯ ಮಾಡುತ್ತಾರೆ. ಕಾಲನ್ನು ಎತ್ತದೆ ಎಳೆದುಕೊಂಡು ನಡೆಯುತ್ತಾರೆ. ಆ ಕಿರುಬೆರಳಿನಷ್ಟು ಜಾಗ ಇನ್ನೂ ಕಡಿಮೆಯಾಗುತ್ತದೆ. ಜೊತೆಗೆ, ಪಾದ ಚಪ್ಪಲಿಯ ಅಂಚಿನಿಂದ ಪಕ್ಕಕ್ಕೆ ಸರಿದರೆ ತಡೆಯಲು ಗೋಡೆಯೇ ಇಲ್ಲ.

ಶೂವಿನಲ್ಲಿ ಹಿಮ್ಮಡಿಯನ್ನು ಸುತ್ತುವರಿದ ಗಟ್ಟಿ ಭಾಗ ಇರುತ್ತದೆಯಲ್ಲ, ಅದನ್ನು ಹಿಮ್ಮಡಿಯ ಗೋಡೆ ಎನ್ನೋಣ. ಅದನ್ನು ಪರೀಕ್ಷಿಸುವುದು ಸುಲಭ. ಹೆಬ್ಬೆರಳಿನಿಂದ ಹಿಂದಿನಿಂದ ಒಳಕ್ಕೆ ಒತ್ತಿ. ಸ್ವಲ್ಪ ಮಾತ್ರ ಬಗ್ಗಿದರೆ ಒಳ್ಳೆಯದು. ಕಾಗದದಂತೆ ಮಡಚಿ ಒಳಗೆ ಬಿದ್ದರೆ ಅದು ಆಸರೆ ಕೊಡುವುದಿಲ್ಲ. ಕೆಲವು ಅಜ್ಜಂದಿರು ಶೂವಿನ ಹಿಂಭಾಗವನ್ನು ತುಳಿದು ಚಪ್ಪಲಿಯಂತೆ ಹಾಕಿಕೊಳ್ಳುತ್ತಾರೆ. ಅಲ್ಲಿಗೆ ಶೂ ಹಾಕಿಯೂ ಹಾಕದಂತೆ. ಸ್ಯಾಂಡಲ್‌ ಆದರೆ ಹಿಮ್ಮಡಿಯ ಹಿಂದೆ ಹಾಯುವ ಪಟ್ಟಿ ಇರಲೇಬೇಕು. ನಮ್ಮ ಸೆಕೆಗೆ, ಕಾಲುಚೀಲ ಹಾಕದ ಅಭ್ಯಾಸಕ್ಕೆ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಚೆನ್ನಾಗಿ ಹೊಂದುತ್ತದೆ.

ಹಿಮ್ಮಡಿ ಎಷ್ಟು ಎತ್ತರ ಇರಬೇಕು? ಸ್ಕೇಲ್ ಇಟ್ಟು ನೋಡಿ, 2.5 ಸೆಂಟಿಮೀಟರಿಗಿಂತ ಕಡಿಮೆ ಇರಲಿ. ಹಿಮ್ಮಡಿಯ ತಳ ಅಗಲವಾಗಿರಲಿ, ಕೆಳಗೆ ಹೋಗುತ್ತಾ ಕಿರಿದಾಗದಿರಲಿ. ಹಿಂದಿನ ಅಂಚು ಚೂಪಾಗಿರದೆ ಸ್ವಲ್ಪ ಓರೆಯಾಗಿ ಕತ್ತರಿಸಿದಂತಿದ್ದರೆ ಇನ್ನೂ ಒಳ್ಳೆಯದು. ಹಿಮ್ಮಡಿ ಓರೆಯಾಗಿ ನೆಲಕ್ಕೆ ಇಳಿಯುವಾಗ ಒಂದು ಗೆರೆಯಷ್ಟೇ ತಾಗುವ ಬದಲು ಒಂದು ಪಟ್ಟಿಯಷ್ಟು ಅಟ್ಟೆ ನೆಲವನ್ನು ಮುಟ್ಟುತ್ತದೆ.

ಇನ್ನು ಮೆತ್ತನೆಯ ಅಟ್ಟೆಯ ವಿಷಯ. ಅಂಗಡಿಯಲ್ಲಿ ಹಾಕಿ ನೋಡಿದಾಗ ಹಾಸಿಗೆಯಂತೆ ಅನಿಸುವ ದಪ್ಪ ಅಟ್ಟೆ ಎಲ್ಲರಿಗೂ ಇಷ್ಟ. ಆದರೆ ಕೆನಡಾದ ಮಾಂಟ್ರಿಯಲ್‌ನಲ್ಲಿ 1990ರ ದಶಕದಲ್ಲಿ ಸಂಶೋಧಕರು ವಯಸ್ಸಾದ ಗಂಡಸರನ್ನು ಬೇರೆ ಬೇರೆ ಶೂ ಹಾಕಿಸಿ ಕಿರಿದಾದ ತೊಲೆಯ ಮೇಲೆ ನಡೆಸಿದರು. ತೆಳುವಾದ ಗಟ್ಟಿ ಅಟ್ಟೆಯ ಶೂಗಳಲ್ಲಿ ಅವರಿಗೆ ಸಮತೋಲ ಚೆನ್ನಾಗಿ ಸಿಕ್ಕಿತು. ದಪ್ಪ ಮೆತ್ತನೆಯ ಅಟ್ಟೆಯಲ್ಲಿ ಹೆಚ್ಚು ಸಲ ತಪ್ಪಿದರು. ಕಾರಣ ನಿಮಗೂ ಗೊತ್ತು. ಹಾಸಿಗೆಯ ಮೇಲೆ ಒಂಟಿ ಕಾಲಲ್ಲಿ ನಿಂತು ನೋಡಿ, ಆಮೇಲೆ ನೆಲದ ಮೇಲೆ ನಿಂತು ನೋಡಿ. ನೆಲ ಯಾವ ಕಡೆ ಓರೆಯಾಗಿದೆ ಎಂಬ ಸುದ್ದಿಯನ್ನು ಮೆದುಳಿಗೆ ಕಳಿಸುವುದು ಅಂಗಾಲು. ನಡುವೆ ದಪ್ಪ ಸ್ಪಂಜು ಇದ್ದರೆ ಆ ಸುದ್ದಿ ಮಸುಕಾಗುತ್ತದೆ. ಹಾಗಾಗಿ ಒಳಗೆ ಕಾಲಿಗೆ ಹಿತವಾದ ತೆಳುವಾದ ಮೆತ್ತೆ, ಕೆಳಗೆ ಗಟ್ಟಿಯಾದ ಅಟ್ಟೆ, ಈ ಜೋಡಣೆ ಸರಿ.

ಇಂಥದೇ ಜೋಡಣೆ ನಮ್ಮ ಪಕ್ಕದ ರಾಜ್ಯದಲ್ಲಿ ಬೇರೆ ಕಾರಣಕ್ಕೆ ಬೆಳೆಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಸಂಗಡಿಗರು ಸ್ಪರ್ಶಜ್ಞಾನ ಕಳೆದುಕೊಂಡ ಕುಷ್ಠರೋಗಿಗಳ ಪಾದದಲ್ಲಿ ಹುಣ್ಣಾಗದಂತೆ ವಿಶೇಷ ಪಾದರಕ್ಷೆಗಳನ್ನು ರೂಪಿಸಿದರು. ಅದಕ್ಕೆ ಬಳಸಿದ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ರಬ್ಬರನ್ನೇ ಇಂದು ಎಂಸಿಆರ್ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಹೇಳುವ ಎಂಸಿಆರ್ ಚಪ್ಪಲಿ ಇದೇ. ಕೊಳ್ಳುವಾಗ ಹಿಂದೆ ಪಟ್ಟಿ ಇರುವುದನ್ನೇ ಕೇಳಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಚಪ್ಪಲಿ ಕಾಲಿನಿಂದ ಕಳಚಿದ್ದು ಕೂಡ ತಿಳಿಯದೆ ಹೋಗಬಹುದು.

ಉತ್ತರಾಣಿ ಕಲಿಸಿದ ಪಾಠ

ಒಳ್ಳೆಯ ಶೂ ತಂದರೂ ಕೆಲವು ಅಜ್ಜಿಯರು ಅದನ್ನು ಹಾಕುವುದಿಲ್ಲ. ‘ಯಾರು ಬಗ್ಗಿ ಲೇಸು ಕಟ್ಟುತ್ತಾರೆ ಮಗಾ’ ಎನ್ನುತ್ತಾರೆ. ಅದು ಸೋಮಾರಿತನವಲ್ಲ. ಸೊಂಟ ಬಗ್ಗುವುದಿಲ್ಲ, ಬೆರಳಿನ ಗಿಣ್ಣು ನೋಯುತ್ತದೆ, ಲೇಸಿನ ತೂತು ಕಣ್ಣಿಗೆ ಕಾಣುವುದಿಲ್ಲ. ಕಟ್ಟದೆ ಬಿಟ್ಟ ಲೇಸು ಇನ್ನೊಂದು ಕಾಲಿನ ಕೆಳಗೆ ಸಿಕ್ಕಿದರೆ ಶೂ ಇಲ್ಲದಿದ್ದುದಕ್ಕಿಂತ ಕಷ್ಟ. ಹಾಗಾಗಿ ಹಾಕಲು ಸುಲಭ ಎಂಬುದು ಬರೀ ಅನುಕೂಲದ ಮಾತಲ್ಲ. ಸುಲಭವಿಲ್ಲದ ಶೂ ಬಾಗಿಲ ಬಳಿಯೇ ಉಳಿಯುತ್ತದೆ, ಕಾಲಿಗೆ ಹಳೆಯ ಹವಾಯಿಯೇ ಬರುತ್ತದೆ.

ಇದಕ್ಕೆ ಒಳ್ಳೆಯ ಉತ್ತರ ಚರ್ರ್ ಎಂದು ಬಿಡಿಸುವ ವೆಲ್ಕ್ರೋ ಪಟ್ಟಿ. ಹೊಲದ ಬದುವಿನಲ್ಲಿ ನಡೆದರೆ ಉತ್ತರಾಣಿ ಗಿಡದ ಕಾಯಿಗಳು ಬಟ್ಟೆಗೆ ಅಂಟಿಕೊಳ್ಳುತ್ತವಲ್ಲ? ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ಕಾಡಿನಲ್ಲಿ ಸುತ್ತಾಡಿ ಬಂದಾಗ ಅವರ ನಾಯಿಯ ಕೂದಲಿಗೂ ಅಂಥದೇ ಬೇರೊಂದು ಗಿಡದ ಕಾಯಿಗಳು ಅಂಟಿಕೊಂಡಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಮುಳ್ಳಿನ ತುದಿಯೂ ಕೊಕ್ಕೆಯಂತೆ ಬಾಗಿತ್ತು. ಒಂದು ಪಟ್ಟಿಯಲ್ಲಿ ಕೊಕ್ಕೆ, ಇನ್ನೊಂದರಲ್ಲಿ ನೂಲಿನ ಕುಣಿಕೆ ಮಾಡಿ ಅವರು 1955ರಲ್ಲಿ ಪೇಟೆಂಟ್ ಪಡೆದರು.

ವೆಲ್ಕ್ರೋದ ಇನ್ನೊಂದು ಗುಣ, ಕಾಲಿನ ಜೊತೆ ಅದೂ ಹೊಂದಿಕೊಳ್ಳುತ್ತದೆ. ವಯಸ್ಸಾದವರ ಪಾದ ಬೆಳಿಗ್ಗೆ ಇದ್ದಂತೆ ಸಂಜೆ ಇರುವುದಿಲ್ಲ, ಸ್ವಲ್ಪ ಊದಿಕೊಳ್ಳುತ್ತದೆ. ಬಕಲ್ ಆದರೆ ಮುಂದಿನ ತೂತಿಗೇ ಹೋಗಬೇಕು. ವೆಲ್ಕ್ರೋವನ್ನು ಎಲ್ಲಿ ಬೇಕೋ ಅಲ್ಲಿ ಒತ್ತಬಹುದು. ಪಟ್ಟಿ ಸಾಕಷ್ಟು ಉದ್ದವಿರಲಿ, ಹಿಡಿದೆಳೆಯಲು ತುದಿಯಲ್ಲಿ ಅರ್ಧ ಅಂಗುಲ ಅಂಟದ ಜಾಗ ಇರಲಿ. ಒಂದೇ ಕೈಯಿಂದ ಹಾಕಿ ತೆಗೆಯಲು ಬರಬೇಕು. ಹಿಂದಿನ ಪಟ್ಟಿಯೂ ವೆಲ್ಕ್ರೋ ಆಗಿದ್ದರೆ, ಮೊದಲು ಪಾದ ಇಟ್ಟು ಆಮೇಲೆ ಪಟ್ಟಿ ಎಳೆದುಕೊಳ್ಳಬಹುದು.

ಆದರೆ ವೆಲ್ಕ್ರೋಗೂ ವಯಸ್ಸಾಗುತ್ತದೆ. ಕೊಕ್ಕೆಗಳಲ್ಲಿ ಕೂದಲು, ನೂಲು, ಧೂಳು ತುಂಬಿದರೆ ಅದು ಹಿಡಿಯುವುದಿಲ್ಲ. ನಡೆಯುವಾಗ ತಾನಾಗಿ ಬಿಟ್ಟುಕೊಳ್ಳುತ್ತಿದೆಯೇ, ಬಿಡಿಸುವಾಗ ಚರ್ರ್ ಎನ್ನುವ ಸದ್ದು ಕ್ಷೀಣವಾಗಿದೆಯೇ ಎಂದು ಗಮನಿಸಿ. ತಿಂಗಳಿಗೊಮ್ಮೆ ಹಳೆಯ ಬಾಚಣಿಗೆಯ ಹಲ್ಲಿನಿಂದಲೋ ಸೂಜಿಯಿಂದಲೋ ಕಸ ಹೆಕ್ಕಿ ತೆಗೆಯಿರಿ. ಕುಣಿಕೆಗಳು ಬೆಕ್ಕಿನ ಕೂದಲಿನಂತೆ ಎದ್ದು ನಿಂತಿದ್ದರೆ ಸ್ವಚ್ಛ ಮಾಡಿ ಪ್ರಯೋಜನವಿಲ್ಲ. ಚಪ್ಪಲಿ ರಿಪೇರಿ ಮಾಡುವವರ ಬಳಿ ಹೊಸ ಪಟ್ಟಿ ಹೊಲಿಸಿಕೊಳ್ಳಬಹುದು. ಹಿಂದೆ ಪಟ್ಟಿ ಇಲ್ಲದ ಒಳ್ಳೆಯ ಚರ್ಮದ ಚಪ್ಪಲಿಗೆ ಪಟ್ಟಿ ಸೇರಿಸಲು ಆಗುತ್ತದೆಯೇ ಎಂದೂ ಅವರನ್ನೇ ಕೇಳಿ.

ಒಂದು ಮನೆಯ ಲೆಕ್ಕ

ಈಗ ಇಷ್ಟನ್ನೂ ಒಂದು ಮನೆಗೆ ಅನ್ವಯಿಸಿ ನೋಡೋಣ. ಆ ಮನೆಯ ಅಜ್ಜಿಗೆ 74 ವರ್ಷ ಎಂದಿಟ್ಟುಕೊಳ್ಳಿ. ಗಿಣ್ಣು ನೋವಿದೆ. ಬೆಳಿಗ್ಗೆ ಹೂ ಬಿಡಿಸಲು ಅಂಗಳಕ್ಕೆ, ಸಂಜೆ ದೇವಸ್ಥಾನಕ್ಕೆ ಹೋಗುತ್ತಾರೆ. ಒಮ್ಮೆ ತುಳಸಿಕಟ್ಟೆಯ ಬಳಿ ಕಾಲು ಜಾರಿ, ಕಟ್ಟೆ ಹಿಡಿದು ನಿಂತಿದ್ದಾರೆ. ಅವರ ಹತ್ತಿರ ಮೂರು ಜೋಡಿಗಳಿವೆ. ಐದನೇ ತರಗತಿಯ ಮೊಮ್ಮಗಳು ಅವನ್ನು ಪರೀಕ್ಷಿಸುತ್ತಾಳೆ.

ಮೊದಲನೆಯದು ಅಂಗಳದ ಹವಾಯಿ. ಹಿಮ್ಮಡಿಯಲ್ಲಿ ಗೆರೆಗಳೇ ಇಲ್ಲ. ತೆಗೆದಿಡಬೇಕಾದ್ದು. ಎರಡನೆಯದು ದೇವಸ್ಥಾನದ ಚಪ್ಪಲಿ. ಅಟ್ಟೆ ಚೆನ್ನಾಗಿದೆ, ಹಿಂದೆ ಪಟ್ಟಿ ಇಲ್ಲ, ಮುಂದೆ ಒಂದು ಬೆರಳಗಲ ಹೊರಗೆ ಚಾಚಿದೆ. ಮೂರನೆಯದು ಸೊಸೆ ಕೊಡಿಸಿದ ಲೇಸಿನ ಶೂ. ಅಟ್ಟೆ, ಹಿಮ್ಮಡಿಯ ಗೋಡೆ ಎರಡೂ ಸರಿ ಇವೆ. ಧೂಳು ಮಾತ್ರ ಹಾಗೇ ಇದೆ.

‘ಇದನ್ನ ಯಾಕಜ್ಜಿ ಹಾಕಲ್ಲ?’ ಎಂದು ಕೇಳಿದರೆ, ‘ದೇವಸ್ಥಾನದ ಮುಂದೆ ನಿಂತ್ಕೊಂಡು ಆ ಲೇಸು ಬಿಚ್ಚಿ ಕಟ್ಟೋ ಹೊತ್ತಿಗೆ ಮಂಗಳಾರತಿ ಮುಗಿದಿರುತ್ತೆ ಕಣೇ’ ಎಂದು ಉತ್ತರ.

ಇಲ್ಲಿ ಪರಿಹಾರ ಎಷ್ಟು ಸರಳ ನೋಡಿ. ಶೂವಿನ ಲೇಸನ್ನು ತೆಗೆದು, ಅಂಗಡಿಯಲ್ಲಿ ಸಿಗುವ ಎಲಾಸ್ಟಿಕ್ ಲೇಸು ಹಾಕಿದರೆ ಬಿಚ್ಚುವ ಕಟ್ಟುವ ಕೆಲಸವೇ ಇಲ್ಲ. ಉದ್ದ ಹಿಡಿಯ ಶೂ ಹಾರ್ನ್ ಒಂದಿದ್ದರೆ ಬಗ್ಗದೆ ಹಿಮ್ಮಡಿಯನ್ನು ಒಳಗೆ ಇಳಿಸಬಹುದು, ಹಿಂಭಾಗವೂ ತುಳಿದು ಹಾಳಾಗುವುದಿಲ್ಲ. ಬೆಳಗಿನ ನಡಿಗೆಗೆ ಅದಾಯಿತು. ಅಂಗಳಕ್ಕೆ, ದೇವಸ್ಥಾನಕ್ಕೆ ವೆಲ್ಕ್ರೋ ಇರುವ, ಹಿಂದೆ ಪಟ್ಟಿ ಇರುವ ರಬ್ಬರ್ ಅಟ್ಟೆಯ ಸ್ಯಾಂಡಲ್ ಒಂದು ಕೊಳ್ಳಬೇಕು.

ಕೊಳ್ಳುವ ದಿನ ಅಜ್ಜಿಯೂ ಅಂಗಡಿಗೆ ಹೋಗುವುದು ಒಳ್ಳೆಯದು, ಅದೂ ಪಾದ ಊದಿಕೊಂಡಿರುವ ಸಂಜೆ. ಅವರು ಬರಲಾಗದಿದ್ದರೆ ಮೊಮ್ಮಗಳು ಸಂಜೆ ಹೊತ್ತಿನಲ್ಲಿ ಅಜ್ಜಿಯನ್ನು ಗಟ್ಟಿ ಕಾಗದದ ಮೇಲೆ ನಿಲ್ಲಿಸಿ, ಕುರ್ಚಿಯ ಬೆನ್ನು ಹಿಡಿದುಕೊಳ್ಳಲು ಹೇಳಿ, ಎರಡೂ ಪಾದಗಳ ಸುತ್ತ ಪೆನ್ಸಿಲನ್ನು ನೆಟ್ಟಗೆ ಹಿಡಿದು ಗೆರೆ ಎಳೆಯಬೇಕು. ಕುಳಿತಾಗ ಅಲ್ಲ, ಭಾರ ಬಿದ್ದಾಗ ಪಾದ ಅಗಲವಾಗುವುದರಿಂದ ನಿಂತಾಗಲೇ ಎಳೆಯಬೇಕು. ಎರಡೂ ಪಾದಗಳು ಒಂದೇ ಅಳತೆ ಇರುವುದು ಅಪರೂಪ. ದೊಡ್ಡದಕ್ಕೆ ಹೊಂದುವುದನ್ನು ಆರಿಸಿ. ಕಾಗದವನ್ನು ಕತ್ತರಿಸಿ ಸ್ಯಾಂಡಲ್ ಮೇಲಿಟ್ಟು ನೋಡಿ. ಕಾಗದ ಪಕ್ಕದಲ್ಲಿ ಹೊರಚಾಚಿದರೆ ಬಿಗಿ. ಉದ್ದನೆಯ ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗ ಉಳಿದರೆ ಸರಿ. ‘ಬೆಳೆಯಲು ಇರಲಿ’ ಎಂದು ನಿಮಗೆ ದೊಡ್ಡದು ಕೊಡಿಸುತ್ತಾರಲ್ಲ, ಅಜ್ಜಿಗೆ ಹಾಗೆ ಮಾಡಬೇಡಿ.

ಮನೆಗೆ ತಂದ ಮೇಲೆ ಇನ್ನೂ ಒಂದು ಕೆಲಸ ಉಳಿದಿದೆ. ಬಾಗಿಲ ಬಳಿ ಗೋಡೆ ಹಿಡಿದು, ಒಂಟಿ ಕಾಲಲ್ಲಿ ನಿಂತು ಚಪ್ಪಲಿ ಹಾಕುವಾಗಲೇ ಬೀಳುವವರಿದ್ದಾರೆ. ಅಲ್ಲಿ ಅಲುಗದ ಒಂದು ಸ್ಟೂಲ್ ಅಥವಾ ಕುರ್ಚಿ ಇಡಿ. ಪ್ಲಾಸ್ಟಿಕ್ಕಿನ ಹಗುರ ಸ್ಟೂಲ್ ಬೇಡ, ಅದೇ ಜಾರೀತು. ಕುಳಿತು ಹಾಕಿಕೊಳ್ಳುವ ಅಭ್ಯಾಸ ಆಗುವವರೆಗೆ ಮೊಮ್ಮಗಳು ಜ್ಞಾಪಿಸಬೇಕು.

ಮನೆಯೊಳಗೆ ಏನು ಮಾಡುವುದು?

ನಾವು ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬರುವವರು. ಅಮೆರಿಕದ ಸಿಯಾಟಲ್ ನಗರದ ವಯಸ್ಸಾದವರನ್ನು ಕುರಿತ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಬರಿಗಾಲಿನಲ್ಲಿ ಅಥವಾ ಬರೀ ಕಾಲುಚೀಲದಲ್ಲಿ ಓಡಾಡುವಾಗ ಬೀಳುವ ಸಂಭವ ಹೆಚ್ಚಿತ್ತು, ಕ್ಯಾನ್ವಾಸ್ ಶೂ, ಕ್ರೀಡಾ ಶೂ ಹಾಕಿದಾಗ ಕಡಿಮೆ ಇತ್ತು. ಅವರ ನೆಲ, ಅವರ ಅಭ್ಯಾಸ ಬೇರೆ. ಜೀವನವಿಡೀ ಬರಿಗಾಲಿನಲ್ಲಿ ಮನೆಯೊಳಗೆ ಓಡಾಡಿದ ಗಟ್ಟಿಮುಟ್ಟಾದ ಅಜ್ಜಿ ನಾಳೆಯಿಂದಲೇ ಶೂ ಹಾಕಬೇಕೆಂದು ಇದರ ಅರ್ಥವಲ್ಲ. ಆದರೆ ಈಗಾಗಲೇ ಒಮ್ಮೆ ಬಿದ್ದವರು, ಪಾದದಲ್ಲಿ ಸ್ಪರ್ಶ ಕಡಿಮೆಯಾದವರು ಮನೆಯೊಳಗೆಂದೇ ಒಂದು ಜೋಡಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಅದು ಹೊರಗಿನ ಮಣ್ಣು ಮುಟ್ಟದೆ ಇರಲಿ, ದೇವರ ಮನೆಯ ಹೊರಗೆ ಬಿಡಲಿ. ಕಾಲುಚೀಲ ಮಾತ್ರ ಹಾಕಿಕೊಂಡು ಟೈಲ್ಸ್ ಮೇಲೆ ನಡೆಯುವುದು ಚಳಿಗಾಲದಲ್ಲೂ ಬೇಡ. ಕಾಲು ತೊಳೆದು ಒಳಗೆ ಬಂದಾಗ ಅಂಗಾಲು ಒರೆಸಿಕೊಳ್ಳಿ. ಒದ್ದೆ ಅಂಗಾಲಿಗೆ ಅಟ್ಟೆಯಂತೆ ಆಳವಾದ ಗೆರೆಗಳಿಲ್ಲ.

ಹಿಡಿತ ಹೆಚ್ಚಿದಷ್ಟೂ ಒಳ್ಳೆಯದು ಎಂದು ಎಲ್ಲರಿಗೂ ಹೇಳಲಾಗದು. ಪಾರ್ಕಿನ್ಸನ್ ಕಾಯಿಲೆ ಇರುವ ಅಜ್ಜ ಪಾದ ಎತ್ತದೆ ಸಣ್ಣ ಸಣ್ಣ ಹೆಜ್ಜೆ ಎಳೆದು ನಡೆಯುತ್ತಾರೆ. ಅವರಿಗೆ ತುಂಬ ಹಿಡಿಯುವ ರಬ್ಬರ್ ಅಟ್ಟೆ ಹಾಕಿಸಿದರೆ ಪಾದ ನೆಲಕ್ಕೆ ಕಚ್ಚಿಕೊಂಡು ಮೈ ಮುಂದಕ್ಕೆ ಮುಗ್ಗರಿಸಬಹುದು. ಅಂಥವರ ಪಾದರಕ್ಷೆಯನ್ನು ಫಿಸಿಯೋಥೆರಪಿಸ್ಟ್ ಅಥವಾ ವೈದ್ಯರನ್ನು ಕೇಳಿಯೇ ಆರಿಸಬೇಕು. ಎದ್ದು ನಿಂತ ಕೂಡಲೇ ತಲೆ ಸುತ್ತಿ ಬೀಳುವವರಿಗೆ, ಕಣ್ಣು ಮಂಜಾಗಿ ಮೆಟ್ಟಿಲು ಕಾಣದವರಿಗೆ ಚಪ್ಪಲಿ ಬದಲಿಸಿದರೆ ಸಾಲದು. ಹೊಸ ಸ್ಯಾಂಡಲ್ ಹಾಕಿಯೂ ಅಜ್ಜಿ ಮತ್ತೆ ಬಿದ್ದರೆ, ಅಥವಾ ಜಾರದೆ, ಎಡವದೆ ಸುಮ್ಮನೆ ಬಿದ್ದರೆ, ಅದನ್ನು ಅಪ್ಪ ಅಮ್ಮನಿಗೆ ತಪ್ಪದೆ ಹೇಳಿ. ಅಜ್ಜಿ ‘ಹೇಳಬೇಡ’ ಎಂದರೂ ಹೇಳಿ. ಅದರ ಕಾರಣವನ್ನು ವೈದ್ಯರೇ ಹುಡುಕಬೇಕು.

ಕೊನೆಗೆ, ಪರೀಕ್ಷೆಯಲ್ಲಿ ಸೋತ ಚಪ್ಪಲಿಗಳ ವಿಷಯ. ಗೆರೆ ಸವೆದ ಹವಾಯಿಯನ್ನು ಅಂಗಳದಿಂದ ತೆಗೆದು ‘ಬಚ್ಚಲಿಗೆ ಆಗುತ್ತೆ’ ಎಂದು ಒಳಗೆ ತರುವುದು ನಮ್ಮ ಮನೆಗಳ ರೂಢಿ. ಮನೆಯಲ್ಲೆಲ್ಲ ಅತಿ ಹೆಚ್ಚು ಒದ್ದೆಯಾದ, ಸೋಪಿನ ನೀರಿನ ನೆಲಕ್ಕೆ ಅತಿ ಹೆಚ್ಚು ಸವೆದ ಚಪ್ಪಲಿಯನ್ನು ಕೊಟ್ಟಂತಾಯಿತು! ಬಚ್ಚಲಿಗೆ ಬೇಕಾದ್ದು ಆಳವಾದ ಗೆರೆಗಳಿರುವ ಹೊಸ ರಬ್ಬರ್ ಅಟ್ಟೆ. ಹಳೆಯ ಜೋಡಿಯ ಒಂದು ಪಟ್ಟಿಯನ್ನು ಕತ್ತರಿಸಿ ಕಸಕ್ಕೆ ಹಾಕಿ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಅದು ಮತ್ತೆ ಅಜ್ಜಿಯ ಕಾಲಲ್ಲೇ ಇರುತ್ತದೆ.